ಮೂರು ಕ್ಯಾಲ್ಕುಲೇಟರ್, ಮೂರು ಉತ್ತರ: ದಿನಕ್ಕೆ ನನಗೆ ಬೇಕಾದ ಕ್ಯಾಲೊರಿ ಎಷ್ಟು?

ಪ್ರಶ್ನೆ: ನನಗೆ 42 ವರ್ಷ, ಎತ್ತರ 158 ಸೆಂ.ಮೀ., ತೂಕ 68 ಕೆ.ಜಿ. ದಾವಣಗೆರೆಯಲ್ಲಿ ಕಚೇರಿ ಕೆಲಸ, ಕುಳಿತೇ ಮಾಡುವಂಥದ್ದು. ವಾರದಲ್ಲಿ ಐದು ದಿನ ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ಹೋಗುತ್ತೇನೆ. ಅಡುಗೆ, ಮನೆಗೆಲಸ ಎಲ್ಲ ನನ್ನದೇ. ಮೂರು ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ನೋಡಿದರೆ ಒಂದು ನನಗೆ ದಿನಕ್ಕೆ 1,556 ಕ್ಯಾಲೊರಿ ಬೇಕು ಎನ್ನುತ್ತದೆ, ಇನ್ನೊಂದು 1,783, ಮತ್ತೊಂದು 2,172. ಯಾವುದನ್ನು ನಂಬಲಿ? ಎರಡು ತಿಂಗಳಿಂದ ಆ್ಯಪ್‌ನಲ್ಲಿ ಬರೆದಿಟ್ಟುಕೊಂಡು 1,500ರ ಆಸುಪಾಸಿನಲ್ಲೇ ತಿನ್ನುತ್ತಿದ್ದೇನೆ, ತೂಕ ಮಾತ್ರ ಇಳಿದಿಲ್ಲ. ಥೈರಾಯ್ಡ್, ಸಕ್ಕರೆ ಎರಡರ ವರದಿಯೂ ಸರಿಯಾಗಿದೆ. ವಯಸ್ಸಾಗುತ್ತಾ ನನ್ನ ಮೆಟಬಾಲಿಸಂ ನಿಧಾನವಾಗಿದೆಯೇ? 1,200ಕ್ಕೆ ಇಳಿಸಲೇ?

ಉತ್ತರ: ಮೊದಲು ಆ ಮೂರು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದನ್ನು ಬಿಡಿಸಿ ನೋಡೋಣ, ಏಕೆಂದರೆ ನೀವು ಕೊಟ್ಟಿರುವ ವಿವರಗಳಿಂದ ಮೂರನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ಪಡೆಯಲು ಸಾಧ್ಯವಿದೆ. ಇಂಥ ಕ್ಯಾಲ್ಕುಲೇಟರ್‌ಗಳೆಲ್ಲವೂ ಎರಡು ಹೆಜ್ಜೆಗಳಲ್ಲಿ ಕೆಲಸ ಮಾಡುತ್ತವೆ. ಮೊದಲ ಹೆಜ್ಜೆಯಲ್ಲಿ, ನೀವು ಇಡೀ ದಿನ ಏನೂ ಮಾಡದೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ಮುಂತಾದವುಗಳು ನಡೆಯಲು ಬೇಕಾಗುವ ಶಕ್ತಿಯನ್ನು ಅಂದಾಜು ಮಾಡುತ್ತವೆ. ಇದನ್ನು ವಿಶ್ರಾಂತಿಯ ಖರ್ಚು ಎನ್ನೋಣ. ಎರಡನೆಯ ಹೆಜ್ಜೆಯಲ್ಲಿ ಅದನ್ನು ನಿಮ್ಮ ಓಡಾಟಕ್ಕೆ ತಕ್ಕ ಒಂದು ಗುಣಕದಿಂದ ಗುಣಿಸುತ್ತವೆ. ವಯಸ್ಸು, ಎತ್ತರ, ತೂಕ ಮೊದಲ ಹೆಜ್ಜೆಗೆ ಸೇರಿದ ಮಾಹಿತಿ. ಎರಡನೆಯ ಹೆಜ್ಜೆ ನಿಂತಿರುವುದು ನೀವು ಒತ್ತುವ ಒಂದೇ ಒಂದು ಆಯ್ಕೆಯ ಮೇಲೆ.

ಇಂದು ಹೆಚ್ಚು ಬಳಕೆಯಲ್ಲಿರುವ ಸೂತ್ರ 1990ರಲ್ಲಿ ಅಮೆರಿಕದ ಮಿಫ್ಲಿನ್, ಸೇಂಟ್ ಜಿಯೋರ್ ಮತ್ತು ಸಂಗಡಿಗರು 498 ಜನರ ಅಳತೆಗಳಿಂದ ಕಟ್ಟಿದ್ದು. ಮಹಿಳೆಯರಿಗೆ ಅದು ಹೀಗಿದೆ:

(10 × ತೂಕ) + (6.25 × ಎತ್ತರ) − (5 × ವಯಸ್ಸು) − 161

ತೂಕ ಕೆ.ಜಿ.ಯಲ್ಲಿ, ಎತ್ತರ ಸೆಂ.ಮೀ.ನಲ್ಲಿ. ಪುರುಷರಿಗೆ ಕೊನೆಯಲ್ಲಿ 161 ಕಳೆಯುವ ಬದಲು 5 ಕೂಡಿಸಬೇಕು. ನಿಮ್ಮ ಅಂಕಿಗಳನ್ನು ಹಾಕಿದರೆ 680 + 987.5 − 210 − 161, ಅಂದರೆ ಸುಮಾರು 1,297. ಇದನ್ನು 1.2ರಿಂದ ಗುಣಿಸಿದರೆ 1,556, 1.375ರಿಂದ ಗುಣಿಸಿದರೆ 1,783. ಅಲ್ಲಿಗೆ ನಿಮ್ಮ ಮೊದಲ ಎರಡು ಕ್ಯಾಲ್ಕುಲೇಟರ್‌ಗಳ ಸೂತ್ರ ಒಂದೇ. ಒಂದರಲ್ಲಿ ನೀವು 'ಕುಳಿತು ಮಾಡುವ ಕೆಲಸ' ಎಂದು ಒತ್ತಿರಬೇಕು, ಇನ್ನೊಂದರಲ್ಲಿ 'ಲಘು ವ್ಯಾಯಾಮ' ಎಂದು. ಮೂರನೆಯದು ಹಳೆಯ ಸೂತ್ರವನ್ನು ಬಳಸಿದೆ. ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬಿಬ್ಬರು 1919ರಲ್ಲಿ ಪ್ರಕಟಿಸಿದ ಆ ಸೂತ್ರದ ಪ್ರಕಾರ ನಿಮ್ಮ ವಿಶ್ರಾಂತಿಯ ಖರ್ಚು 1,401 ಆಗುತ್ತದೆ. 'ವಾರಕ್ಕೆ ಮೂರರಿಂದ ಐದು ದಿನ ವ್ಯಾಯಾಮ' ಎಂಬುದಕ್ಕೆ ನಿಗದಿಯಾದ 1.55ರಿಂದ ಅದನ್ನು ಗುಣಿಸಿದರೆ 2,172. ಮೂರೂ ಕಡೆ ಗುಣಾಕಾರ ಸರಿಯಾಗಿಯೇ ಇದೆ. 616 ಕ್ಯಾಲೊರಿಗಳ ಅಂತರ ಹುಟ್ಟಿದ್ದು ಸೂತ್ರದ ಆಯ್ಕೆ ಮತ್ತು ಗುಣಕದ ಆಯ್ಕೆಯಿಂದ, ಅದರಲ್ಲಿಯೂ ಸಿಂಹಪಾಲು ಗುಣಕದ್ದು.

ಸೂತ್ರದ ಮಿತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದೇ ವಯಸ್ಸು, ಎತ್ತರ, ತೂಕದ ಇಬ್ಬರು ಮಹಿಳೆಯರ ವಿಶ್ರಾಂತಿಯ ಖರ್ಚನ್ನು ಉಪಕರಣದಿಂದ ಅಳೆದರೆ ಎರಡೂ ಒಂದೇ ಆಗಿರುವುದಿಲ್ಲ. ಮಿಫ್ಲಿನ್ ಸೂತ್ರದ ಅಂದಾಜು ಹೆಚ್ಚಿನ ಜನರಲ್ಲಿ ನಿಜವಾದ ಅಳತೆಯಿಂದ ಶೇ 10ರ ಒಳಗೇ ಇರುತ್ತದೆ, ಕೆಲವರಲ್ಲಿ ಆ ಗೆರೆಯನ್ನೂ ದಾಟುತ್ತದೆ. ನಿಮ್ಮ ಮಟ್ಟಿಗೆ ಶೇ 10 ಎಂದರೆ 130 ಕ್ಯಾಲೊರಿ ಆಚೆ ಈಚೆ. ಇದಕ್ಕೆ ಮುಖ್ಯ ಕಾರಣ, ತಕ್ಕಡಿ ಒಟ್ಟು ತೂಕವನ್ನಷ್ಟೇ ಹೇಳುತ್ತದೆ, ಅದರಲ್ಲಿ ಕೊಬ್ಬೆಷ್ಟು ಸ್ನಾಯುವೆಷ್ಟು ಎಂದು ಹೇಳುವುದಿಲ್ಲ. ವಿಶ್ರಾಂತಿಯಲ್ಲಿ ಒಂದು ಕೆ.ಜಿ. ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸಿದರೆ ಒಂದು ಕೆ.ಜಿ. ಕೊಬ್ಬು ನಾಲ್ಕೂವರೆಯಷ್ಟು ಮಾತ್ರ ಬಳಸುತ್ತದೆ. ಒಂದೇ ತೂಕದ ಯುರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರ ಶರೀರದಲ್ಲಿ ಕೊಬ್ಬಿನ ಪಾಲು ಸಾಮಾನ್ಯವಾಗಿ ಹೆಚ್ಚು. ಹಾಗಾಗಿ ಪಾಶ್ಚಾತ್ಯ ಅಳತೆಗಳಿಂದ ಬಂದ ಸೂತ್ರಗಳು ನಮಗೆ ತುಸು ಹೆಚ್ಚು ತೋರಿಸುವ ಸಾಧ್ಯತೆ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದೆ ಅಂತರರಾಷ್ಟ್ರೀಯ ಸೂತ್ರಗಳನ್ನು ಶೇ 5ರಷ್ಟು ಇಳಿಸಿ ಬಳಸಿದ್ದು ಇದೇ ಕಾರಣಕ್ಕೆ.

ಅದೇ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಕುಳಿತು ಕೆಲಸ ಮಾಡುವ ಮಹಿಳೆಗೆ ದಿನಕ್ಕೆ 1,660 ಕ್ಯಾಲೊರಿ ಎಂದಿದೆ. ಅದನ್ನು ಓದಿ, ಇದೇ ನನ್ನ ಲೆಕ್ಕ ಎಂದುಕೊಂಡು ಬರುವವರು ಬಹಳ ಮಂದಿ. ಆ ಮಹಿಳೆ 55 ಕೆ.ಜಿ. ತೂಗುವ ಒಬ್ಬ ಮಾದರಿ ವ್ಯಕ್ತಿ. ಜನಸಮುದಾಯಗಳಿಗೆ ಆಹಾರ ಯೋಜಿಸಲು ಮಾಡಿದ ಕೋಷ್ಟಕವನ್ನು 68 ಕೆ.ಜಿ. ತೂಗುವ ನಿಮ್ಮೊಬ್ಬರಿಗೆ ಹೊಂದಿಸಲಾಗದು.

ಈಗ ಹೆಚ್ಚು ಗೊಂದಲವಿರುವ ಗುಣಕಕ್ಕೆ ಬರುತ್ತೇನೆ. ಕ್ಯಾಲ್ಕುಲೇಟರ್‌ಗಳು ಕೇಳುವ ಪ್ರಶ್ನೆ 'ವಾರಕ್ಕೆ ಎಷ್ಟು ದಿನ ವ್ಯಾಯಾಮ ಮಾಡುತ್ತೀರಿ' ಎಂಬುದು. ನಿಮ್ಮ ಖರ್ಚನ್ನು ನಿರ್ಧರಿಸುವುದು ಆ ಮುಕ್ಕಾಲು ಗಂಟೆಗಿಂತ ಹೆಚ್ಚಾಗಿ ಉಳಿದ ಇಪ್ಪತ್ಮೂರು ಕಾಲು ಗಂಟೆಗಳು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಶಿಫಾರಸು ಮಾಡುವ ವಿಧಾನವೆಂದರೆ ಇಡೀ ದಿನವನ್ನು ಗಂಟೆಗಳಾಗಿ ಒಡೆದು, ಪ್ರತಿ ಚಟುವಟಿಕೆಯೂ ವಿಶ್ರಾಂತಿಯ ಎಷ್ಟು ಪಟ್ಟು ಶಕ್ತಿ ಬಳಸುತ್ತದೆ ಎಂದು ನೋಡಿ ಸರಾಸರಿ ತೆಗೆಯುವುದು. ನಿಮ್ಮ ದಿನವನ್ನು ನಾನು ಊಹಿಸಿ ಬರೆಯುತ್ತೇನೆ, ನೀವು ತಿದ್ದಿಕೊಳ್ಳಿ. ನಿದ್ರೆ ಏಳೂವರೆ ಗಂಟೆ, ಒಂದು ಪಟ್ಟು. ಕಚೇರಿಯ ಕುರ್ಚಿಯಲ್ಲಿ ಏಳು ಗಂಟೆ, 1.4 ಪಟ್ಟು. ಅಡುಗೆ, ಗುಡಿಸುವುದು, ಒರೆಸುವುದು, ಬಟ್ಟೆ, ಪಾತ್ರೆ ಸೇರಿ ಮೂರೂವರೆ ಗಂಟೆ, ಸರಾಸರಿ ಎರಡೂವರೆ ಪಟ್ಟು. ವಾಕಿಂಗ್ ಮುಕ್ಕಾಲು ಗಂಟೆ, ಮೂರೂವರೆ ಪಟ್ಟು. ಊಟ, ಸ್ನಾನ, ಬಸ್ಸು, ಟಿ.ವಿ. ಎಂದು ಉಳಿಯುವ ಐದೂಕಾಲು ಗಂಟೆ, ಮತ್ತೆ 1.4 ಪಟ್ಟು. ಎಲ್ಲವನ್ನೂ ಗುಣಿಸಿ ಕೂಡಿ 24ರಿಂದ ಭಾಗಿಸಿದರೆ 1.5 ಬರುತ್ತದೆ. ವಾಕಿಂಗ್ ಇಲ್ಲದ ದಿನ ಆ ಮುಕ್ಕಾಲು ಗಂಟೆ ಕುಳಿತಿದ್ದಿರಿ ಎಂದುಕೊಂಡರೆ 1.44.

ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ಮುಕ್ಕಾಲು ಗಂಟೆಯ ನಡಿಗೆ ನಿಮ್ಮ ದಿನದ ಲೆಕ್ಕಕ್ಕೆ ಸೇರಿಸುವುದು, ಅದೇ ಹೊತ್ತು ಕುಳಿತಿದ್ದಕ್ಕೆ ಹೋಲಿಸಿದರೆ, ಸುಮಾರು 85 ಕ್ಯಾಲೊರಿ. ಅದೇ ನಡಿಗೆಗಾಗಿ ಕ್ಯಾಲ್ಕುಲೇಟರ್ ನಿಮ್ಮನ್ನು 1.2ರಿಂದ 1.55ಕ್ಕೆ ಏರಿಸಿದಾಗ ಕೊಡುವುದು 450 ಕ್ಯಾಲೊರಿಗೂ ಹೆಚ್ಚು. ಇನ್ನೊಂದು ತುದಿಯಲ್ಲಿ 1.2 ಎಂಬ ಗುಣಕವೂ ನಿಮಗೆ ಒಪ್ಪುವುದಿಲ್ಲ. ಅದು ಬಹುಪಾಲು ಹಾಸಿಗೆ ಅಥವಾ ಗಾಲಿಕುರ್ಚಿಯಲ್ಲೇ ಇರುವವರ ಮಟ್ಟ. ವಿಶ್ವಸಂಸ್ಥೆಯ ತಜ್ಞರ ವರ್ಗೀಕರಣದಲ್ಲಿ ಕುಳಿತು ಬದುಕುವವರ ಶ್ರೇಣಿಯೇ 1.40ರಿಂದ ಶುರುವಾಗಿ 1.69ರವರೆಗೆ ಹೋಗುತ್ತದೆ. ವ್ಯಾಯಾಮದ ದಿನಗಳನ್ನು ಎಣಿಸುವ ಪ್ರಶ್ನಾವಳಿಗೆ ಮೂರೂವರೆ ಗಂಟೆಯ ಮನೆಗೆಲಸ ಕಾಣುವುದೇ ಇಲ್ಲ. ನಮ್ಮ ಹೆಣ್ಣುಮಕ್ಕಳ ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲಿಯೇ ಎಂಬುದು ನನ್ನ ಅನುಭವ.

ವಾರದ ಸರಾಸರಿಯಾಗಿ 1.48 ಎಂದಿಟ್ಟುಕೊಂಡರೆ 1,297ರ ಮೇಲೆ ಸುಮಾರು 1,920 ಬರುತ್ತದೆ. ಸೂತ್ರ ನಮಗೆ ತುಸು ಹೆಚ್ಚು ತೋರಿಸಬಹುದಾದ್ದರಿಂದ ನಾನು ನಿಮಗೆ 1,850 ಎಂದು ಬರೆದುಕೊಳ್ಳಲು ಹೇಳುತ್ತೇನೆ, ಪಕ್ಕದಲ್ಲಿ 'ಇನ್ನೂರು ಆಚೆ ಈಚೆ' ಎಂದೂ ಬರೆದುಕೊಳ್ಳಿ. ಕಾಗದದ ಮೇಲೆ ಇದಕ್ಕಿಂತ ನಿಖರವಾಗಿ ಯಾರೂ ಹೇಳಲಾರರು. 1,783 ಎಂದು ಕೊನೆಯ ಅಂಕಿಯವರೆಗೆ ತೋರಿಸುವ ಪರದೆ ಇಲ್ಲದ ನಿಖರತೆಯನ್ನು ನಟಿಸುತ್ತಿರುತ್ತದೆ.

ಕೈಗಡಿಯಾರದ ಬಗ್ಗೆ ಒಂದು ಮಾತು. ನೀವು ಕೇಳದಿದ್ದರೂ ಆ್ಯಪ್ ಬಳಸುವವರಲ್ಲಿ ಅನೇಕರ ಕೈಯಲ್ಲಿ ಅದಿರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ ನಾಡಿಬಡಿತದ ಅಳತೆ ಬಹುಮಟ್ಟಿಗೆ ಸರಿಯಾಗಿತ್ತು, ಕ್ಯಾಲೊರಿಯ ಅಳತೆಯಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಅದಕ್ಕಿಂತ ದೊಡ್ಡ ತೊಂದರೆ ಎರಡು ಸಲ ಎಣಿಸುವುದು. ಗುಣಕದಲ್ಲಿ ವಾಕಿಂಗ್ ಈಗಾಗಲೇ ಸೇರಿದೆ. ಗಡಿಯಾರ 'ಇಂದು 200 ಕರಗಿಸಿದಿರಿ' ಎಂದಾಗ ಆ್ಯಪ್ ಅದನ್ನು ನಿಮ್ಮ ಊಟದ ಖಾತೆಗೆ ಮತ್ತೆ ಜಮೆ ಮಾಡಿದರೆ ಲೆಕ್ಕ ಅಲ್ಲಿಗೇ ಕೆಡುತ್ತದೆ. ಆ ಜೋಡಣೆಯನ್ನು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿ.

ಇನ್ನು ಮೆಟಬಾಲಿಸಂ. ನಲವತ್ತು ದಾಟಿದ ಕೂಡಲೇ ಅದು ಕುಸಿಯುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೋ ಅದಕ್ಕಿರುವ ಆಧಾರ ಅಷ್ಟೇ ತೆಳು. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 29 ದೇಶಗಳ 6,400ಕ್ಕೂ ಹೆಚ್ಚು ಜನರ ದಿನದ ಶಕ್ತಿಯ ಖರ್ಚನ್ನು ಒಟ್ಟುಗೂಡಿಸಿತು. ಆ ಅಳತೆಗಳೆಲ್ಲ ವಿಶೇಷ ಗುರುತುಳ್ಳ ನೀರನ್ನು ಕುಡಿಸಿ ಮೂತ್ರ ಪರೀಕ್ಷೆಯಿಂದ ಪತ್ತೆಹಚ್ಚುವ, ಈ ಕ್ಷೇತ್ರದಲ್ಲಿ ಅತ್ಯಂತ ನಂಬಿಕಸ್ತ ಎನಿಸಿದ ವಿಧಾನದಿಂದ ಬಂದವು. ಶರೀರದ ಗಾತ್ರ ಮತ್ತು ಕೊಬ್ಬು-ಸ್ನಾಯುಗಳ ಪಾಲನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು; ಇಳಿಕೆ ಕಂಡದ್ದು ಅರವತ್ತರ ನಂತರ. ಹಾಗಿದ್ದರೆ ಮಿಫ್ಲಿನ್ ಸೂತ್ರ ವರ್ಷಕ್ಕೆ 5 ಕ್ಯಾಲೊರಿ ಕಳೆಯುವುದೇಕೆ ಎಂದು ನೀವು ಕೇಳಬಹುದು. ವಯಸ್ಸಿನೊಂದಿಗೆ ಸಾಮಾನ್ಯವಾಗಿ ಸ್ನಾಯು ಕಡಿಮೆಯಾಗುತ್ತದೆ, ಸೂತ್ರಕ್ಕೆ ಸ್ನಾಯು ಕಾಣುವುದಿಲ್ಲವಾದ್ದರಿಂದ ವಯಸ್ಸನ್ನು ಅದರ ಬದಲಿಗೆ ಹಿಡಿಯುತ್ತದೆ. ಅದನ್ನೇ ಒಪ್ಪಿಕೊಂಡರೂ 32ರಿಂದ 42ಕ್ಕೆ ಬರುವಾಗ ವಿಶ್ರಾಂತಿಯ ಖರ್ಚಿನಲ್ಲಿ ಆಗುವ ಇಳಿಕೆ 50 ಕ್ಯಾಲೊರಿ, ಅರ್ಧ ಲೋಟ ಕಾಫಿಯಷ್ಟು. ನಿಮ್ಮ ಎರಡು ತಿಂಗಳ ಒಗಟನ್ನು ಅದು ಬಿಡಿಸುವುದಿಲ್ಲ.

ಒಗಟು ಬಿಡಿಸಬಹುದಾದದ್ದು ಆ 1,500 ಎಂಬ ಸಂಖ್ಯೆ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು 'ಎಷ್ಟು ಕಡಿಮೆ ತಿಂದರೂ ತೂಕ ಇಳಿಯದು' ಎನ್ನುತ್ತಿದ್ದವರ ಒಂದು ಸಣ್ಣ ಗುಂಪನ್ನು ಪರೀಕ್ಷಿಸಿದರು. ಅವರ ಶಕ್ತಿಯ ಖರ್ಚು ಸಹಜವಾಗಿಯೇ ಇತ್ತು. ತಾವು ತಿಂದದ್ದನ್ನು ಅವರು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಬೇಕೆಂದು ಮುಚ್ಚಿಟ್ಟದ್ದು ಎಂದು ಇದನ್ನು ಓದಬಾರದು. ತೂಕ ಮಾಡದೆ ಕಣ್ಣಳತೆಯಲ್ಲಿ ಬರೆಯುವ ಯಾರ ಲೆಕ್ಕವೂ, ಆಹಾರತಜ್ಞರದ್ದೂ ಸೇರಿದಂತೆ, ಕೆಳಕ್ಕೇ ಜಾರುತ್ತದೆ.

ನಮ್ಮ ಅಡುಗೆಯಲ್ಲಿ ಜಾರುವ ಮೊದಲ ಜಾಗ ಎಣ್ಣೆ. ಒಗ್ಗರಣೆಗೆ, ಪಲ್ಯಕ್ಕೆ, ದೋಸೆಗೆ ಹಾಕಿದ್ದನ್ನು ತಟ್ಟೆಯಲ್ಲಿ ನೋಡಿ ಅಂದಾಜು ಮಾಡಲಾಗದು. ನಾನು ಬಂದವರಿಗೆಲ್ಲ ಕೇಳುವುದು ಚಮಚದ ಲೆಕ್ಕವನ್ನಲ್ಲ, ತಿಂಗಳಿಗೆ ಎಷ್ಟು ಪ್ಯಾಕೆಟ್ ಎಣ್ಣೆ ತರುತ್ತೀರಿ, ಮನೆಯಲ್ಲಿ ಊಟಕ್ಕೆ ಎಷ್ಟು ಜನ ಎಂದು. ನಾಲ್ವರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಮುಗಿಯುತ್ತದೆ ಎನ್ನೋಣ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಗ್ರಾಂಗೆ 9 ಕ್ಯಾಲೊರಿ. ತಲೆಗೆ ತಿಂಗಳಿಗೆ ಒಂದು ಲೀಟರ್ ಎಂದರೆ ದಿನಕ್ಕೆ 30 ಗ್ರಾಂ, 270 ಕ್ಯಾಲೊರಿ. ಅದೇ ಮನೆಯವರ ಆ್ಯಪ್‌ನಲ್ಲಿ ಎಣ್ಣೆ ಎಂದು ಇರುವುದು ಹೆಚ್ಚೆಂದರೆ ಎರಡು ಟೀ ಚಮಚ, 80 ಕ್ಯಾಲೊರಿ. ಇಲ್ಲಿಗೇ ದಿನಕ್ಕೆ 190 ಕ್ಯಾಲೊರಿ ದಾಖಲೆಯಿಂದ ಹೊರಗೆ ಉಳಿಯಿತು.

ಎರಡನೆಯದು ಆ್ಯಪ್‌ನ ಪಟ್ಟಿಯಲ್ಲಿರುವ ಪದಾರ್ಥ ಮತ್ತು ನಿಮ್ಮ ತಟ್ಟೆಯಲ್ಲಿರುವ ಪದಾರ್ಥ ಬೇರೆಯಾಗಿರುವುದು. 'ರೊಟ್ಟಿ' ಎಂದು ಹುಡುಕಿದರೆ ಸಿಗುವುದು 30 ಗ್ರಾಂ ಹಿಟ್ಟಿನ ತೆಳು ಗೋಧಿ ಫುಲ್ಕಾ, ಸುಮಾರು 100 ಕ್ಯಾಲೊರಿ. ನಿಮ್ಮ ಕಡೆ ತಟ್ಟುವ ಬಿಸಿ ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದು 165ರಷ್ಟಾಗುತ್ತದೆ. ಅಕ್ಕಿಯದ್ದು ಇದಕ್ಕಿಂತ ದೊಡ್ಡ ಗೊಂದಲ: 100 ಗ್ರಾಂ ಅಕ್ಕಿಯಲ್ಲಿ 350 ಕ್ಯಾಲೊರಿ ಇದ್ದರೆ 100 ಗ್ರಾಂ ಅನ್ನದಲ್ಲಿ ಇರುವುದು 130ರ ಆಸುಪಾಸು, ಯಾವ ಸಾಲನ್ನು ಒತ್ತಿದಿರಿ ಎಂಬುದರ ಮೇಲೆ ಲೆಕ್ಕ ಎರಡೂವರೆ ಪಟ್ಟು ಬದಲಾಗುತ್ತದೆ. ಶೇಂಗಾ ಚಟ್ನಿಪುಡಿಯನ್ನು 'ಚಟ್ನಿ' ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಎರಡು ಚಮಚ ಪುಡಿ ಮತ್ತು ಅದಕ್ಕೆ ಕಲೆಸಿಕೊಂಡ ಎಣ್ಣೆ ಸೇರಿದರೆ ನೂರರ ಹತ್ತಿರ ಹೋಗುತ್ತದೆ. ಹಾಲು, ಎರಡು ಚಮಚ ಸಕ್ಕರೆಯ ಕಾಫಿ ಒಂದು ಲೋಟಕ್ಕೆ ಸುಮಾರು 100. ಶನಿವಾರ ಸಂಜೆಯ ಮಂಡಕ್ಕಿ-ಮೆಣಸಿನಕಾಯಿ, ಭಾನುವಾರದ ಬೆಣ್ಣೆದೋಸೆ ಬಹಳಷ್ಟು ದಾಖಲೆಗಳಲ್ಲಿ ಇರುವುದೇ ಇಲ್ಲ, ಏಕೆಂದರೆ ಆ ದಿನ ಫೋನ್ ತೆಗೆದು ಬರೆಯುವ ಮನಸ್ಸು ಯಾರಿಗೂ ಬರುವುದಿಲ್ಲ. ದಾಖಲಾದ 1,500 ನಿಜದಲ್ಲಿ 1,850 ಆಗಿರಲು ಇಷ್ಟು ಸಾಕು. ಎರಡು ತಿಂಗಳು ತೂಕ ಕದಲದೆ ನಿಂತಿದೆ ಎಂದರೆ ನೀವು ಖರ್ಚು ಮಾಡುವಷ್ಟನ್ನೇ ತಿನ್ನುತ್ತಿದ್ದೀರಿ ಎಂದರ್ಥ.

ಆದರೂ ಆ ದಾಖಲೆಯನ್ನು ಎಸೆಯಬೇಡಿ, ಮೂರು ಕ್ಯಾಲ್ಕುಲೇಟರ್‌ಗಳಿಗಿಂತ ಅದು ಬೆಲೆಬಾಳುವಂಥದ್ದು. ಪ್ರತಿದಿನ ಒಂದೇ ರೀತಿಯಲ್ಲಿ ಬರೆದರೆ, ಅಳತೆಪಟ್ಟಿಯೇ ತುಸು ಗಿಡ್ಡವಾಗಿದ್ದರೂ ಅದರಿಂದ ಬದಲಾವಣೆಯನ್ನು ಅಳೆಯಬಹುದು. ನಿಮ್ಮ ಸ್ವಂತ ಅಗತ್ಯವನ್ನು ನಿಮ್ಮ ಶರೀರದಿಂದಲೇ ತಿಳಿಯುವ ಕ್ರಮ ಹೀಗಿದೆ. ಒಂದು ಪೂರ್ತಿ ತಿಂಗಳು ಈಗಿನ ಊಟವನ್ನು ಬದಲಾಯಿಸದೆ ಬರೆಯಿರಿ, ರಜಾದಿನಗಳನ್ನೂ ಸೇರಿಸಿ. ದಿನವೂ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಒಂದು ದಿನದ ಸಂಖ್ಯೆಗೆ ಬೆಲೆ ಕೊಡದೆ ವಾರದ ಸರಾಸರಿ ತೆಗೆಯಿರಿ. ಉಪ್ಪಿನ ಊಟ, ಮಲಬದ್ಧತೆ, ಹಿಂದಿನ ದಿನದ ಅನ್ನದ ಪ್ರಮಾಣ, ಇವೆಲ್ಲ ನೀರಿನ ರೂಪದಲ್ಲಿ ಒಂದು ಕೆ.ಜಿ.ಯವರೆಗೂ ಏರಿಳಿತ ತರುತ್ತವೆ. ಮುಟ್ಟಿನ ಆಸುಪಾಸಿನ ದಿನಗಳಲ್ಲಿಯೂ ಹಾಗೆಯೇ ಆಗುವುದರಿಂದ ಮಹಿಳೆಯರು ಎರಡು ವಾರಕ್ಕೇ ತೀರ್ಮಾನಕ್ಕೆ ಬರಬಾರದು, ಒಂದು ಚಕ್ರದ ವಾರವನ್ನು ಮುಂದಿನ ಚಕ್ರದ ಅದೇ ವಾರದೊಂದಿಗೆ ಹೋಲಿಸಬೇಕು.

ಉದಾಹರಣೆಗೆ ಮೊದಲ ವಾರದ ಸರಾಸರಿ 68.1, ಐದನೆಯ ವಾರದ ಸರಾಸರಿ 67.9 ಬಂತು ಎನ್ನೋಣ. 28 ದಿನಗಳಲ್ಲಿ 0.2 ಕೆ.ಜಿ. ಇಳಿಕೆ. ಒಂದು ಕೆ.ಜಿ. ಶರೀರದ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ರೂಢಿಯ ಲೆಕ್ಕದಲ್ಲಿ 0.2 × 7,700 = 1,540; ಅದನ್ನು 28ರಿಂದ ಭಾಗಿಸಿದರೆ ದಿನಕ್ಕೆ 55 ಕ್ಯಾಲೊರಿ ಕೊರತೆ. ನಿಮ್ಮ ದಾಖಲೆಯ ಸರಾಸರಿ 1,500 ಇದ್ದರೆ, ನಿಮ್ಮ ಬರವಣಿಗೆಯ ಅಳತೆಯಲ್ಲಿ ತೂಕ ನಿಲ್ಲುವ ಮಟ್ಟ 1,555. ನಿಜವಾದ ಸಂಖ್ಯೆ 1,850 ಇರಬಹುದು, 1,900 ಇರಬಹುದು, ಅದು ತಿಳಿಯದಿದ್ದರೂ ಮುಂದಿನ ಹೆಜ್ಜೆಗೆ ತೊಂದರೆಯಿಲ್ಲ. ಈ ವಿಧಾನಕ್ಕೂ ಮಿತಿಯಿದೆ: ವಾರದ ಸರಾಸರಿಯಲ್ಲಿ ಅರ್ಧ ಕೆ.ಜಿ. ನೀರಿನ ತಪ್ಪು ಉಳಿದರೆ ಉತ್ತರ ದಿನಕ್ಕೆ 140 ಕ್ಯಾಲೊರಿಯಷ್ಟು ತಪ್ಪುತ್ತದೆ. ಎರಡನೆಯ ತಿಂಗಳೂ ಮುಂದುವರಿಸಿದರೆ ಆ ತಪ್ಪು ಅರ್ಧಕ್ಕಿಳಿಯುತ್ತದೆ.

ಮುಂದೆ ಏನು ಮಾಡಬಹುದು? ನಿಮ್ಮ ದೇಹ ದ್ರವ್ಯರಾಶಿ ಸೂಚ್ಯಂಕ 27.2, ಏಷ್ಯಾದವರಿಗೆ ಒಪ್ಪುವ ಮಾನದಂಡದಲ್ಲಿ 23ಕ್ಕಿಂತ ಮೇಲಿರುವುದು ಅಧಿಕ ತೂಕ, 25ರ ಮೇಲೆ ಬೊಜ್ಜು. ಹಾಗಾಗಿ ತೂಕ ಇಳಿಸುವ ನಿಮ್ಮ ಯೋಚನೆಗೆ ಅರ್ಥವಿದೆ. ನಾನು ಮೊದಲು ಸೂಚಿಸುವುದು, ನಿಮ್ಮ ದಾಖಲೆಯ ಮಟ್ಟದಿಂದ 250ರಿಂದ 300 ಕ್ಯಾಲೊರಿಯನ್ನು, ಅದೂ ಗೊತ್ತಿರುವ ಪದಾರ್ಥಗಳಿಂದ, ತೆಗೆಯುವುದು. ತಲೆಗೆ ಒಂದು ಲೀಟರ್ ಇದ್ದ ಎಣ್ಣೆಯನ್ನು ಅರ್ಧ ಲೀಟರ್ ಮಾಡಿದರೆ 135 ಹೋಯಿತು. ಮೂರು ಕಾಫಿಗಳಲ್ಲಿ ಒಂದನ್ನು ಬಿಟ್ಟು, ಉಳಿದೆರಡರಲ್ಲಿ ಸಕ್ಕರೆ ಅರ್ಧ ಮಾಡಿದರೆ ಇನ್ನೊಂದು 140. ಈ ಆಯ್ಕೆಯ ಅಪಾಯ ಶರೀರಕ್ಕೆ ಕಡಿಮೆ, ತಾಳ್ಮೆಗೆ ಹೆಚ್ಚು. 300 ಕ್ಯಾಲೊರಿಯನ್ನು 365ರಿಂದ ಗುಣಿಸಿ 7,700ರಿಂದ ಭಾಗಿಸಿದರೆ ವರ್ಷಕ್ಕೆ 14 ಕೆ.ಜಿ. ಎನ್ನುವ ಆಸೆ ಹುಟ್ಟುತ್ತದೆ, ಆದರೆ ಹಾಗಾಗುವುದಿಲ್ಲ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ, ಕೊರತೆ ತಾನಾಗಿ ಕಿರಿದಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಹೆಚ್ಚು ವಾಸ್ತವಿಕ ಲೆಕ್ಕದ ಪ್ರಕಾರ ಅಂಥ ಬದಲಾವಣೆಯಿಂದ ಮೊದಲ ವರ್ಷದಲ್ಲಿ ಇಳಿಯುವುದು ಆರು ಕೆ.ಜಿ.ಯ ಆಸುಪಾಸು. ಮೂರನೆಯ ತಿಂಗಳಿಗೆ ವೇಗ ತಗ್ಗಿದರೆ ಏನೋ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಎರಡನೆಯ ದಾರಿ ಊಟವನ್ನು ಹಾಗೆಯೇ ಇಟ್ಟು ಚಟುವಟಿಕೆ ಹೆಚ್ಚಿಸುವುದು. ಮೇಲಿನ ಲೆಕ್ಕ ನೋಡಿದ ಮೇಲೆ ಅದರ ಕಷ್ಟ ನಿಮಗೇ ತಿಳಿಯುತ್ತದೆ: ನಡಿಗೆಯೊಂದರಿಂದಲೇ ದಿನಕ್ಕೆ 300 ಬೇಕೆಂದರೆ ಈಗಿನದ್ದರ ಮೇಲೆ ಇನ್ನೂ ಎರಡೂವರೆ ಗಂಟೆ ನಡೆಯಬೇಕು. ವಾಕಿಂಗ್‌ನ ಲಾಭ ರಕ್ತದೊತ್ತಡ, ಸಕ್ಕರೆ, ನಿದ್ರೆಯಲ್ಲಿದೆ, ಅದಕ್ಕಾಗಿ ಬಿಡಬೇಡಿ. ವಾರಕ್ಕೆ ಎರಡು ದಿನ ಭಾರ ಎತ್ತುವ ಅಥವಾ ಸ್ವಂತ ದೇಹದ ಭಾರದ ವ್ಯಾಯಾಮ ಸೇರಿಸಿದರೆ, ತೂಕ ಇಳಿಯುವಾಗ ಸ್ನಾಯು ಕರಗುವುದನ್ನು ತಡೆಯಬಹುದು. ಮಂಡಿನೋವಿದ್ದರೆ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ ಶುರುಮಾಡಿ.

1,200ರ ಬಗ್ಗೆ ನೇರವಾಗಿ ಹೇಳುತ್ತೇನೆ: ಬೇಡ. ವಿಶ್ರಾಂತಿಯ ಖರ್ಚಿಗಿಂತ ಕಡಿಮೆ ತಿಂದರೆ ಶರೀರ 'ಉಪವಾಸದ ಸ್ಥಿತಿ'ಗೆ ಹೋಗಿ ಕೊಬ್ಬು ಕರಗಿಸುವುದನ್ನೇ ನಿಲ್ಲಿಸುತ್ತದೆ ಎಂಬ ಮಾತು ಸುಳ್ಳು. ಖರ್ಚು ಸ್ವಲ್ಪ ತಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನನ್ನ ಆಕ್ಷೇಪ ಬೇರೆ. ನಿಜವಾಗಿ 1,200ರಲ್ಲಿ ನಮ್ಮ ಮನೆಯೂಟದಿಂದ ಸಾಕಷ್ಟು ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಒದಗಿಸುವುದು ಬಹಳ ಕಷ್ಟ, ಸಸ್ಯಾಹಾರಿಗಳಿಗಂತೂ ಇನ್ನೂ ಕಷ್ಟ. ನಿಮ್ಮ ತೂಕಕ್ಕೆ ಇಳಿಕೆಯ ಅವಧಿಯಲ್ಲಿ ದಿನಕ್ಕೆ 65ರಿಂದ 70 ಗ್ರಾಂ ಪ್ರೋಟೀನ್ ಇರಲಿ ಎಂದು ನಾನು ಹೇಳುತ್ತೇನೆ. ಅನ್ನ-ಸಾರು ಕಡಿಮೆ ಮಾಡಿ 1,200ಕ್ಕೆ ಬಂದವರ ತಟ್ಟೆಯಲ್ಲಿ ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು. ಕರಗುವ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚಾಗುತ್ತದೆ, ಕೂದಲು ಉದುರುತ್ತದೆ, ಬಹಳ ವೇಗದ ಇಳಿಕೆಯಲ್ಲಿ ಪಿತ್ತಕೋಶದ ಕಲ್ಲುಗಳ ಸಾಧ್ಯತೆಯೂ ಏರುತ್ತದೆ. ಮತ್ತೆ, ದಾಖಲೆಯ 1,200 ನಿಜದಲ್ಲಿ 1,550 ಆಗಿದ್ದರೆ ನೀವು ಮೊದಲ ಆಯ್ಕೆಯನ್ನೇ ಗೊತ್ತಿಲ್ಲದೆ ಪಾಲಿಸುತ್ತಿರುತ್ತೀರಿ, ವ್ಯತ್ಯಾಸವೆಂದರೆ ಬಿಟ್ಟದ್ದು ಎಣ್ಣೆಯ ಬದಲು ಬೇಳೆ-ಕಾಳು ಆಗಿರುತ್ತದೆ.

ವಿಶ್ರಾಂತಿಯ ಖರ್ಚನ್ನು ಉಸಿರಿನಿಂದ ನೇರವಾಗಿ ಅಳೆಯುವ ಉಪಕರಣ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮತ್ತು ಸಂಶೋಧನಾ ಕೇಂದ್ರಗಳಲ್ಲಿದೆ. ಪಾರದರ್ಶಕ ಮುಸುಕಿನ ಕೆಳಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆ ಮಲಗಬೇಕಾಗುತ್ತದೆ. ನಿಮಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ, ಏಕೆಂದರೆ ಅದು ಹೇಳುವುದು ಮೊದಲ ಹೆಜ್ಜೆಯ ಉತ್ತರವನ್ನಷ್ಟೇ. ನಿಮ್ಮ ಅನಿಶ್ಚಯ ಇರುವುದು ಗುಣಕದಲ್ಲಿ ಮತ್ತು ಎಣ್ಣೆಯ ಪ್ಯಾಕೆಟ್‌ನಲ್ಲಿ. ಮೇಲೆ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ಮನೆಬಳಕೆಯ ತಕ್ಕಡಿಗೂ ಹಣ ಹಾಕಬೇಡಿ, ಕುಡಿದ ನೀರಿಗೇ ಅದರ ಅಂಕಿ ಬದಲಾಗುತ್ತದೆ. ದರ್ಜಿಯ ಟೇಪಿನಿಂದ ಎರಡು ವಾರಕ್ಕೊಮ್ಮೆ ಸೊಂಟದ ಸುತ್ತಳತೆ ನೋಡಿ ಬರೆದಿಟ್ಟರೆ ಹೆಚ್ಚು ತಿಳಿಯುತ್ತದೆ.

ಇದನ್ನು ಓದುವ ಇತರರಿಗೆ ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ವೈದ್ಯರಿಗೆ ತಿಳಿಸದೆ ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ತಮಗೆ ಹಚ್ಚಿಕೊಳ್ಳಬಾರದು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿರುವವರು ಕ್ಯಾಲ್ಕುಲೇಟರ್ ಬಿಟ್ಟು ವೈದ್ಯರ ಬಳಿ ಹೋಗಬೇಕು. ಊಟದ ಅಂಕಿಗಳು ದಿನವಿಡೀ ತಲೆಯಲ್ಲಿ ಸುತ್ತುತ್ತಿವೆ, ತಿಂದ ಮೇಲೆ ಅಪರಾಧಿ ಭಾವ ಕಾಡುತ್ತಿದೆ ಎನ್ನುವವರಿಗೆ ಬರೆಯುವ ವಿಧಾನವೇ ಹಾನಿ ಮಾಡುತ್ತದೆ. ಅಂಥವರಿಗೆ ನಾನು ತಟ್ಟೆಯ ಪ್ರಮಾಣವನ್ನಷ್ಟೇ ಹೇಳುತ್ತೇನೆ, ಸಂಖ್ಯೆಗಳನ್ನು ಕೊಡುವುದಿಲ್ಲ.

ನಿಮ್ಮ ತೂಕ ನಾಲ್ಕು ಕೆ.ಜಿ. ಇಳಿದಾಗ ಸೂತ್ರದ ಪ್ರಕಾರ ದಿನದ ಅಗತ್ಯ ಸುಮಾರು 60 ಕ್ಯಾಲೊರಿ ಕಡಿಮೆಯಾಗಿರುತ್ತದೆ. ಆಗ ಕ್ಯಾಲ್ಕುಲೇಟರ್‌ಗೆ ಹೊಸ ತೂಕ ಹಾಕಿ ನೋಡುವುದಕ್ಕಿಂತ ಮತ್ತೊಂದು ತಿಂಗಳು ಇದೇ ರೀತಿ ಬರೆದು, ಅದೇ ಭಾಗಾಕಾರ ಮಾಡಿ, ದಾಖಲೆಯ ಮಟ್ಟವನ್ನು ಸರಿಪಡಿಸಿಕೊಳ್ಳಿ. ಎರಡು ತಿಂಗಳು ನಿಷ್ಠೆಯಿಂದ ಬರೆದು, ಎಣ್ಣೆಯನ್ನು ಪ್ಯಾಕೆಟ್ ಲೆಕ್ಕದಲ್ಲಿ ಸೇರಿಸಿ, 300 ತಗ್ಗಿಸಿಯೂ ವಾರದ ಸರಾಸರಿ ಕದಲದಿದ್ದರೆ, ಆ ಬರಹವನ್ನೂ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಹಿಡಿದು ಆಹಾರತಜ್ಞರನ್ನೋ ವೈದ್ಯರನ್ನೋ ಕಾಣಿರಿ. ಸ್ಟೆರಾಯ್ಡ್‌ಗಳು ಮತ್ತು ಕೆಲವು ಮಾನಸಿಕ ಚಿಕಿತ್ಸೆಯ ಔಷಧಿಗಳು ಹಸಿವನ್ನು ಹೆಚ್ಚಿಸಿ ತೂಕ ಏರಿಸುವುದುಂಟು, ಥೈರಾಯ್ಡ್ ವರದಿಯಲ್ಲಿ ಅದು ಕಾಣುವುದಿಲ್ಲ.